ಸುಮ್ಮನಿರಲು ಬಿಡದ ಸರದಿ

ಲಮಾರಾ ಆ ಬೆಳಿಗ್ಗೆ ನನ್ನನ್ನು ಕೇಳಿದ್ದು ರೊಟ್ಟಿಯ ವಿಚಾರ. ಬಿಸಿಬಿಸಿ ಷೋತಿ ರೊಟ್ಟಿಯನ್ನು ಮೇಜಿನ ಮೇಲೆ ಇಟ್ಟು ನಾನಿನ್ನೂ ಕೋಟು ಬಿಚ್ಚಿರಲಿಲ್ಲ. "ಯಾವ ಒಲೆಯದು ಇದು?" ಅಂದಳು. ಚರ್ಚಿನ ಹಿಂದಿನ ಬೀದಿಯ ರೊಟ್ಟಿ ಅಂಗಡಿಯದು ಎಂದೆ. ಅಲ್ಲಿಗೆ ಯಾಕೆ ಹೋದೆ, ನಿನ್ನ ಮನೆಯ ಹತ್ತಿರ ಒಲೆ ಇಲ್ಲವೇ ಎಂದಳು. ಸಾಲು ಚಿಕ್ಕದಿತ್ತು ಎಂದೆ. ಅವಳು ರೊಟ್ಟಿ ಮುರಿದು ತುದಿಯನ್ನು ಬಾಯಿಗೆ ಹಾಕಿಕೊಂಡಳು, ಮತ್ತೆ ಏನೂ ಕೇಳಲಿಲ್ಲ.

ನಿಜ ಏನೆಂದರೆ ಆ ರೊಟ್ಟಿಯನ್ನು ನಾನು ಕೊಂಡಿರಲಿಲ್ಲ. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಅವ್ತಂದಿಲ್ ಮೇಷ್ಟ್ರು. ಟಿಬಿಲಿಸಿಯಲ್ಲಿ ಚದುರಂಗ ಕಲಿತ ನಮ್ಮ ವಯಸ್ಸಿನ ಹೆಂಗಸರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ನಾನೂ ಹೌದು, ಲಮಾರಾಳೂ ಹೌದು. ಎರಡು ರೊಟ್ಟಿ ತೆಗೆದುಕೊಂಡು ಒಂದನ್ನು ನನ್ನ ಕೈಗೆ ತುರುಕಿದರು. ಬೇಡ ಅನ್ನಲು ಅವರು ಬಿಡುವವರಲ್ಲ, ಬೇಡ ಅನ್ನುವ ರೂಢಿಯೂ ನಮ್ಮಲ್ಲಿಲ್ಲ. ತೊಂದರೆ ಒಂದೇ. ಮೇಷ್ಟ್ರು ಈಗ ಮಖ್ವಾಲಾಳ ತರಬೇತುದಾರ. ಅರ್ಧಕ್ಕೆ ನಿಲ್ಲಿಸಿದ್ದ ಆಟವನ್ನು ಲಮಾರಾ ಆ ಮಧ್ಯಾಹ್ನ ಮುಂದುವರಿಸಬೇಕಾಗಿದ್ದುದು ಅದೇ ಮಖ್ವಾಲಾಳ ಎದುರು. ಮತ್ತೆ ನಾನು ಲಮಾರಾಳ ಸಹಾಯಕಿ, ಅಂದರೆ ನಿಂತ ಆಟವನ್ನು ಮನೆಯಲ್ಲಿ ಅವಳ ಜೊತೆ ಕೂತು ಬಗೆಯುವವಳು.

ಇದನ್ನು ಹೇಳಿದರೆ ಅನುಮಾನ ಬರುತ್ತದೆ ಎಂದು ಹೇಳಲಿಲ್ಲ. ನನ್ನ ಬುದ್ಧಿ ಅಷ್ಟೇ.

ಲಮಾರಾಳಿಗೆ ಬೇಕಿದ್ದದ್ದು ಅರ್ಧ ಪಾಯಿಂಟು. ಆ ಆಟ ಡ್ರಾ ಆದರೆ ಮಾಸ್ಟರ್ ಪದವಿ, ಸೋತರೆ ಇಲ್ಲ. ಹಿಂದೆ ಎರಡು ಬಾರಿ ಬಾಗಿಲವರೆಗೆ ಹೋಗಿ ವಾಪಸು ಬಂದವಳು. ವಯಸ್ಸು ನಿಲ್ಲುವುದಿಲ್ಲ, ಕೆಳಗಿನಿಂದ ಮಖ್ವಾಲಾಳಂಥ ಹುಡುಗಿಯರು ಮೆಟ್ಟಿಲು ಓಡಿ ಹತ್ತುತ್ತಿದ್ದರು. ಮುಂದಿನ ವರ್ಷ ತಂಡದಲ್ಲಿ ಜಾಗ ಸಿಗುವುದಿಲ್ಲ ಎಂದು ಸಂಘದವರು ಸೂಚನೆಯನ್ನೂ ಕೊಟ್ಟಾಗಿತ್ತು. ಹಾಗಾಗಿ ಅವಳು ಗೋಡೆಯನ್ನೂ ನಂಬುತ್ತಿರಲಿಲ್ಲ. ವಿಶ್ಲೇಷಣೆ ಮಾಡುವಾಗ ಕಿಟಕಿಯ ಪರದೆ ಎಳೆದು, ಪಕ್ಕದ ಮನೆಯವರಿಗೆ ಕೇಳಬಾರದೆಂದು ರೇಡಿಯೋ ಹಾಕುತ್ತಿದ್ದಳು. ಪಕ್ಕದ ಮನೆಯಾಕೆಗೆ ಆನೆ ಯಾವುದು ಒಂಟೆ ಯಾವುದು ಎಂದು ಗೊತ್ತಿರಲಿಲ್ಲ.

ಆಟದ ಸ್ಥಿತಿ ಕೆಟ್ಟದಾಗಿತ್ತು. ಲಮಾರಾಳದು ಕಪ್ಪು. ಅವಳ ರಾಜನ ಪಕ್ಕದಲ್ಲೇ ನಿಂತ ಒಂದು ಕುದುರೆಯನ್ನು ಮಖ್ವಾಲಾಳ ಒಂಟೆ ಓರೆಯಿಂದ ಕಟ್ಟಿಹಾಕಿತ್ತು. ಅದು ಕದಲಿದರೆ ರಾಜನಿಗೇ ಶಹ, ಅಂದರೆ ಚೆಕ್, ಆದ್ದರಿಂದ ಕದಲುವಂತಿಲ್ಲ. ಅದರ ಮೇಲೆ ನೇರ ಸಾಲಿನಿಂದ ಬಿಳಿ ಆನೆ, ಅದರ ಹಿಂದೆ ಬಿಳಿ ರಾಣಿ. ಹೊಡೆಯುವವರು ಮೂವರು, ಕಾಯುವವರೂ ಮೂವರೇ, ಲಮಾರಾಳ ರಾಜ, ರಾಣಿ, ಆನೆ. ಮೂವರಲ್ಲಿ ಯಾರು ಅಲುಗಿದರೂ ಕುದುರೆ ಹೋಯಿತು. ಹಾಗೇ ನಿಂತಿದ್ದರೆ ಏನೂ ಆಗುವುದಿಲ್ಲ. ಆದರೆ ಈ ಆಟದಲ್ಲಿ ನಿಂತಿರಲು ಬಿಡುವುದಿಲ್ಲ, ಸರದಿ ಬಂದಾಗ ಏನಾದರೂ ಆಡಲೇಬೇಕು. ನಮ್ಮವರು ಇದಕ್ಕೆ ಜರ್ಮನರ ಪದ ಬಳಸುತ್ತಾರೆ, ಝುಗ್‌ಝ್ವಾಂಗ್. ಆಟ ಮುಗಿಯುತ್ತ ಕಾಯಿಗಳು ಖಾಲಿಯಾದಾಗ ಅದು ಬರುವುದು ಸಾಮಾನ್ಯ. ರಾಣಿಯರಿಬ್ಬರೂ ಹಲಗೆಯ ಮೇಲಿರುವಾಗಲೇ ಬಂದು ಕೊರಳು ಹಿಡಿದರೆ ಉಸಿರು ಕಟ್ಟಿಬಿಡುತ್ತದೆ.

ಇಂಥಲ್ಲಿ ಬದುಕಿಸುವುದು ಕಾಲಾಳುಗಳು. ಯಾರಿಗೂ ತೊಂದರೆ ಕೊಡದೆ ಒಂದು ಹೆಜ್ಜೆ ಇಡುವ ಕಾಲಾಳು ಇದ್ದರೆ ಸರದಿ ದಾಟಿಸಬಹುದು. ಲಮಾರಾ ಗಡಿಯಾರದ ಅವಸರದಲ್ಲಿ ಅಂಥ ಹೆಜ್ಜೆಗಳನ್ನು ಆಗಲೇ ಖರ್ಚು ಮಾಡಿದ್ದಳು. ಉಳಿದದ್ದು ಬಿ ಸಾಲಿನ ಒಂದು ಹೆಜ್ಜೆ ಮಾತ್ರ. ಆಟ ನಿಲ್ಲಿಸುವಾಗ ಸರದಿ ಅವಳದಿತ್ತು, ನಿಯಮದಂತೆ ಎದುರಾಳಿಗೆ ಗೊತ್ತಾಗದ ಹಾಗೆ ಆ ಹೆಜ್ಜೆಯನ್ನೇ ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ ತೀರ್ಪುಗಾರರಿಗೆ ಕೊಟ್ಟಿದ್ದಳು. ಹಾಗಂತ ನನಗೆ ಹೇಳಿದಳು. ಬೇರೇನೋ ಬರೆದು ನನ್ನನ್ನು ಪರೀಕ್ಷಿಸುತ್ತಿದ್ದಾಳೋ ಎಂಬ ಯೋಚನೆ ನನಗೂ ಬಂದದ್ದು ಸುಳ್ಳಲ್ಲ. ಅವಳ ಜೊತೆ ಇದ್ದರೆ ಆ ರೋಗ ಅಂಟುತ್ತದೆ.

ಇಬ್ಬರೂ ಕೂತು ದಾರಿ ಹುಡುಕಿದ್ದೆವು. ಕೊನೆಯ ಹೆಜ್ಜೆಯೂ ಮುಗಿದ ಮೇಲೆ ಎಫ್ ಸಾಲಿನ ಕಾಲಾಳನ್ನು ಮುಂದೆ ತಳ್ಳಿ ಬಲಿ ಕೊಡುವುದು. ಮಖ್ವಾಲಾ ಅದನ್ನು ಹೊಡೆದಾಗ ತಿರುಗಿ ಹೊಡೆಯಬಾರದು, ರಾಣಿ ಆ ಕಾಲಾಳು ಬಿಟ್ಟುಹೋದ ಮನೆಗೆ ಸರಿಯಬೇಕು. ಅಲ್ಲಿಂದಲೂ ಕುದುರೆ ಕಣ್ಣಳತೆಯಲ್ಲೇ ಇರುತ್ತದೆ, ಅದೇ ಸಾಲಿನ ಕೊನೆಯ ಮನೆಯಿಂದಲೂ. ರಾಣಿ ಅತ್ತಿತ್ತ ಓಡಾಡಿಕೊಂಡಿದ್ದರೆ ಸರದಿ ಮುಗಿಯುವ ಭಯವಿಲ್ಲ. ಕೋಪದಲ್ಲಿ ಅವಳು ಎಲ್ಲವನ್ನೂ ಹೊಡೆದಾಡಿಸಿದರೆ, ಬಿಳಿ ರಾಜ ದೂರದಲ್ಲಿದ್ದಾನೆ, ನಮ್ಮ ರಾಜನೇ ಮೊದಲು ಹೋಗಿ, ಹೊಡೆದು ಮುಂದೆ ಬಂದ ಬಿಳಿ ಕಾಲಾಳನ್ನು ಕಿತ್ತುಕೊಳ್ಳುತ್ತಾನೆ. ಖಂಡಿತ ಡ್ರಾ ಎಂದು ಆಣೆ ಇಡುವಷ್ಟು ಧೈರ್ಯ ನನಗಿರಲಿಲ್ಲ, ಆದರೆ ಬಿಳಿಗೆ ಗೆಲುವು ಎಲ್ಲಿದೆ ಎಂದೂ ನನಗೆ ಕಂಡಿರಲಿಲ್ಲ. ಕೊಡುವುದಾದರೆ ಗಾಳಿ ಬರುವಂತೆ ಕೊಡು ಎಂದು ನಾನು ಹೇಳಿದ್ದೆ. ಅವಳು ಒಪ್ಪಿದ್ದಳು.

ಚದುರಂಗ ಮಂದಿರದಲ್ಲಿ ಜನ ತುಂಬಿದ್ದರು. ನಮ್ಮೂರಲ್ಲಿ ಹೆಂಗಸರ ಆಟಕ್ಕೆ ಅಜ್ಜಂದಿರೂ ಬಂದು ಕೂತು ಪಿಸುಪಿಸು ವಾದ ಮಾಡುತ್ತಾರೆ. ನಾನು ನಾಲ್ಕನೇ ಸಾಲಿನಲ್ಲಿ ಕೂತೆ. ಮೇಷ್ಟ್ರು ನನ್ನನ್ನು ನೋಡಿ ದೂರದಿಂದ ತಲೆಯಾಡಿಸಿ, ರೊಟ್ಟಿ ತಿಂದೆಯಾ ಎಂದು ಕೈಸನ್ನೆ ಮಾಡಿದರು. ನಾನು ಬೇಗ ಮುಖ ತಿರುಗಿಸಿದೆ. ವೇದಿಕೆಯ ಮೇಲಿಂದ ಲಮಾರಾ ನೋಡುತ್ತಿದ್ದಳು. ಮುಖ ತಿರುಗಿಸಿದ್ದನ್ನೂ ನೋಡಿದಳು.

ತೀರ್ಪುಗಾರರು ಲಕೋಟೆ ಒಡೆದರು. ಬಿ ಸಾಲಿನ ಹೆಜ್ಜೆಯೇ. ಹಲಗೆಯ ಮೇಲೆ ಕಾಯಿ ಸರಿಸಿ ಗಡಿಯಾರ ಒತ್ತಿದರು. ಮಖ್ವಾಲಾ ಕುರ್ಚಿಯಲ್ಲಿ ಸರಿಯಾಗಿ ಕೂತುಕೊಳ್ಳುವ ಮೊದಲೇ ಕೈ ಚಾಚಿ ತನ್ನ ರಾಜನನ್ನು ಮೂಲೆಯ ಕಡೆಗೆ ಒಂದು ಮನೆ ಸರಿಸಿ ಗಡಿಯಾರ ಒತ್ತಿದಳು. ಒಂದು ಕ್ಷಣವೂ ಯೋಚಿಸಲಿಲ್ಲ. ಏನೂ ಮಾಡದ ನಡೆ ಅದು. ಸರದಿಯನ್ನು ಎದುರಾಳಿಯ ತಲೆಗೆ ಕಟ್ಟುವ ನಡೆ.

ಲಮಾರಾಳ ಬೆನ್ನು ಸೆಟೆಯಿತು. ಅವಳು ಹಲಗೆ ನೋಡಲಿಲ್ಲ, ಸಭೆಯಲ್ಲಿ ನನ್ನನ್ನು ಹುಡುಕಿದಳು. ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ಬಾಯಿಬಿಟ್ಟು ಹೇಳಿದಷ್ಟು ಸ್ಪಷ್ಟವಾಗಿ ನನಗೆ ಗೊತ್ತಾಯಿತು. ಲಕೋಟೆಯಲ್ಲಿ ಇದ್ದದ್ದು ಗೊತ್ತಿದ್ದವರು ಇಬ್ಬರೇ. ಗೊತ್ತಿಲ್ಲದಿದ್ದರೆ ಆ ಹುಡುಗಿ ಇಷ್ಟು ಬೇಗ ಆಡುವುದು ಹೇಗೆ? ಬಿ ಹೆಜ್ಜೆ ಗೊತ್ತಿದೆ ಎಂದರೆ ಎಫ್ ಕಾಲಾಳೂ ಗೊತ್ತಿರಬೇಕು, ಅದಕ್ಕೆ ಉತ್ತರವನ್ನೂ ಮಾಡಿಟ್ಟುಕೊಂಡಿರಬೇಕು.

ಎದ್ದು ಕೂಗಬೇಕು ಅನ್ನಿಸಿತು. ಆಟಗಾರ್ತಿಯ ಜೊತೆ ಮಾತಾಡುವಂತಿಲ್ಲ. ಕೈಯಾಡಿಸಿದರೆ ಅವಳನ್ನೇ ಆಟದಿಂದ ಹೊರಗೆ ಹಾಕುತ್ತಾರೆ. ತಲೆಯಾಡಿಸಿದರೂ, ಅದು ಯಾರಿಗೆ ಮಾಡಿದ ಸನ್ನೆ ಎಂದು ಅವಳು ಲೆಕ್ಕ ಹಾಕುತ್ತಾಳೆ. ಕಲ್ಲಿನಂತೆ ಕೂತೆ. ಆ ಕೂತದ್ದೂ ಅವಳಿಗೆ ಕಳ್ಳತನದಂತೆ ಕಂಡಿರಬೇಕು.

ಬಹಳ ಹೊತ್ತು ಯೋಚಿಸಿ ಅವಳು ಎಫ್ ಕಾಲಾಳನ್ನು ಬಿಟ್ಟು ಜಿ ಕಾಲಾಳನ್ನು ತಳ್ಳಿದಳು. ನಾವು ಒಮ್ಮೆ ನೋಡಿ ಪಕ್ಕಕ್ಕಿಟ್ಟಿದ್ದ ನಡೆ. ಮಖ್ವಾಲಾ ಹೊಡೆದಳು. ಪಕ್ಕದ ಅಂಚಿನ ಕಾಲಾಳಿಗೆ ಈಗ ದಾರಿ ಸಿಕ್ಕಿತ್ತು, ಲಮಾರಾ ಅದನ್ನೂ ತಳ್ಳಿದಳು. ಮಖ್ವಾಲಾ ಅದನ್ನೂ ಹೊಡೆದಳು. ಎರಡು ಕಾಲಾಳು ಕೊಟ್ಟು ಎರಡು ಸರದಿ ದಾಟಿಸಿದಂತಾಯಿತು, ಗಾಳಿ ಮಾತ್ರ ಎಲ್ಲಿಂದಲೂ ಬರಲಿಲ್ಲ. ಕಟ್ಟಿದ ಕುದುರೆ ಅಲ್ಲೇ, ಕಾಯುವವರು ಅಲ್ಲೇ, ಸರದಿ ಮತ್ತೆ ಅವಳದೇ. ಆಗ ಬೇರೆ ಗತಿಯಿಲ್ಲದೆ ಎಫ್ ಕಾಲಾಳನ್ನು ತಳ್ಳಿದಳು. ಎರಡು ಕಾಲಾಳು ಆಗಲೇ ಹೋಗಿದ್ದರಿಂದ ಆ ದಾರಿಗೆ ಈಗ ಬೆಲೆ ಇರಲಿಲ್ಲ. ಮಖ್ವಾಲಾ ಹೊಡೆದು, ಆಮೇಲೆ ಕುದುರೆಯ ಮನೆಯಲ್ಲಿ ಒಂದೊಂದಾಗಿ ಎಲ್ಲವನ್ನೂ ಹೊಡೆದಾಡಿಸಿದಳು. ಒಂಟೆ, ಆನೆ, ರಾಣಿ ಎಲ್ಲ ಹಲಗೆಯಿಂದ ಇಳಿದ ಮೇಲೆ ಉಳಿದದ್ದು ಇಬ್ಬರು ರಾಜರು, ಬಿಳಿಗೆ ಮೂರು ಕಾಲಾಳು ಹೆಚ್ಚು. ಲಮಾರಾ ಗಡಿಯಾರ ನಿಲ್ಲಿಸಿ ಕೈ ಕೊಟ್ಟಳು.

ಪದವಿ ಹೋಯಿತು.

ಆಟ ಮುಗಿದ ಮೇಲೆ ಆಟಗಾರ್ತಿಯರಿಬ್ಬರೂ ಕೂತು ಕಾಯಿಗಳನ್ನು ಹಿಂದಕ್ಕಿಟ್ಟು ನೋಡುವುದು ನಮ್ಮ ರೂಢಿ. ಆಗ ನಾನು ಹತ್ತಿರ ಹೋಗಬಹುದು. ಹೋಗುವಷ್ಟರಲ್ಲಿ ಲಮಾರಾ ಕೇಳುತ್ತಿದ್ದಳು, ದನಿ ತಣ್ಣಗಿತ್ತು.

"ಲಕೋಟೆ ತೆಗೆದ ತಕ್ಷಣ ಆಡಿದೆ. ಒಳಗೆ ಏನಿದೆ ಅಂತ ಮೊದಲೇ ಗೊತ್ತಿತ್ತಾ?"

ಮಖ್ವಾಲಾ ನಕ್ಕಳು. ಪಾಪ, ಅವಳಿಗೆ ಪ್ರಶ್ನೆಯ ಮೊನೆ ಕಾಣಲಿಲ್ಲ. "ಏನಿದ್ರೆ ನಂಗೇನಕ್ಕ? ನಿಮ್ಮ ಆನೆ ಹೋದ್ರೆ ಕುದುರೆ ತಗೋತಿದ್ದೆ, ರಾಣಿ ಹೋದ್ರೂ ತಗೋತಿದ್ದೆ. ಸುಮ್ನೆ ಕಾಲಾಳು ಸರಿಸಿದ್ರೆ ನಾನೂ ಸುಮ್ನೆ ರಾಜನ್ನ ಸರಿಸ್ತಿದ್ದೆ. ನಿಮ್ಮ ಹತ್ರ ಇದ್ದಿದ್ದೇ ಅದೊಂದು ಹೆಜ್ಜೆ, ಇದಕ್ಕೆಲ್ಲ ಯೋಚನೆ ಯಾಕೆ?"

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟೇ ಇತ್ತಲ್ಲ. ಕದಿಯಲು ಅಲ್ಲಿ ಏನೂ ಇರಲೇ ಇಲ್ಲ. ಲಕೋಟೆಯೊಳಗೆ ಯಾವ ಚೀಟಿ ಇದ್ದರೂ ಉತ್ತರ ಸಿದ್ಧವಿತ್ತು, ಅದೇ ಆ ಸ್ಥಿತಿಯ ಕೇಡು. ಲಮಾರಾ ಹಲಗೆಯನ್ನೇ ನೋಡುತ್ತಿದ್ದಳು. ಅವಳ ಮುಖ ಸ್ವಲ್ಪ ಸಡಿಲವಾಯಿತು ಎಂದು ನನಗನ್ನಿಸಿತು.

ಹುಡುಗಿ ಅಲ್ಲಿಗೆ ನಿಲ್ಲಿಸಬಹುದಿತ್ತು. ಒಳ್ಳೆಯ ಮನಸ್ಸಿನವಳು, ನಿಲ್ಲಿಸಲಿಲ್ಲ. ಎಫ್ ಕಾಲಾಳಿನ ಮೇಲೆ ಬೆರಳಿಟ್ಟಳು. "ಒಂದಕ್ಕೆ ಮಾತ್ರ ಹೆದ್ರಿದ್ದೆ ಅಕ್ಕ. ಇದನ್ನ ಮೊದಲೇ ತಳ್ಳಿ ರಾಣೀನ ಇಲ್ಲಿಗೆ ಸರಿಸಿದ್ರೆ ಗೆಲ್ಲೋದು ಹೇಗೆ ಅಂತ ನಂಗೂ ಮೇಷ್ಟ್ರಿಗೂ ಗೊತ್ತಾಗಿರ್ಲಿಲ್ಲ. ನೀವ್ಯಾಕೆ ಆಡ್ಲಿಲ್ಲ?"

ಲಮಾರಾ ಕಾಯಿಗಳನ್ನು ಡಬ್ಬಿಗೆ ಹಾಕಿ, ಶಾಲು ಹೊದ್ದು ಎದ್ದಳು. ನಾನು ಹಿಂದೆಯೇ ಹೊರಟೆ. ಬೀದಿಯಲ್ಲಿ ಬಿಸಿಲಿನ್ನೂ ಇತ್ತು, ಸುಲಿದ ವಾಲ್ನಟ್ ಮಾರುವವಳು ಮೆಟ್ಟಿಲ ಮೇಲೆ ಕೂತಿದ್ದಳು. ಟ್ರಾಮಿನ ತಂಗುದಾಣದವರೆಗೆ ನಡೆದೆವು. ಈಗ ಕ್ಷಮಿಸು ಎನ್ನುತ್ತಾಳೆ ಎಂದುಕೊಂಡೆ, ಏನು ಉತ್ತರ ಕೊಡಲಿ ಎಂದೂ ಯೋಚಿಸಿಕೊಂಡೆ.

"ಬೆಳಿಗ್ಗೆ ಕಿಟಕಿಯಿಂದ ನಿನ್ನನ್ನ ನೋಡ್ದೆ," ಅಂದಳು. "ಒಲೆ ಹತ್ರ. ಆ ರೊಟ್ಟಿ ಕೊಟ್ಟಿದ್ದು ಮೇಷ್ಟ್ರು."

ಹೌದು ಎಂದೆ. ರೊಟ್ಟಿ ಬಿಟ್ಟು ಬೇರೇನೂ ಇಲ್ಲ, ಆಟದ ಮಾತೇ ಬರಲಿಲ್ಲ ಎಂದೆ. ಆ ಹುಡುಗಿ ಹೇಳಿದ್ದನ್ನು ನೀನೇ ಕೇಳಿದೆಯಲ್ಲ, ಲಕೋಟೆಯಲ್ಲಿ ಏನಿದ್ದರೂ ಅವಳಿಗೆ ಒಂದೇ ಆಗಿತ್ತು ಎಂದೆ.

"ಕೇಳ್ದೆ." ಟ್ರಾಮು ಬರುತ್ತಿತ್ತು, ಅವಳು ಅದರ ಕಡೆಗೇ ನೋಡುತ್ತಿದ್ದಳು. "ಬಿ ಹೆಜ್ಜೆ ಬಿಡು ತ್ಸಿಯಾಲಾ. ಎಫ್ ಕಾಲಾಳು ಆದ್ಮೇಲೆ ರಾಣಿ ತಿರುಗಿ ಹೊಡೀದೆ ಪಕ್ಕಕ್ಕೆ ಸರೀಬೇಕು ಅನ್ನೋದು, ಅದು ಅವರಿಗೆ ಹೇಗೆ ಗೊತ್ತು?"

ಗೊತ್ತಾಗದೆ ಇನ್ನೇನು? ಅವರೂ ಅದೇ ಹಲಗೆಯನ್ನು ಬಗೆದವರು, ನಮಗೆ ಕಲಿಸಿದ್ದೂ ಅದೇ ಮೇಷ್ಟ್ರು. ಬಾಯಿಯವರೆಗೆ ಬಂತು. ಮೇಷ್ಟ್ರ ಹೆಸರು ಇನ್ನೊಮ್ಮೆ ಎತ್ತಿದರೆ ಕೆಟ್ಟಿತು, ಎತ್ತದಿದ್ದರೂ ಕೆಟ್ಟಿತು. ನಾನು ಬಾಯಿ ಮುಚ್ಚಿಕೊಂಡೆ. ಅವಳು ಅದನ್ನೂ ನೋಡಿದಳು, ಟ್ರಾಮು ಹತ್ತಿ ಕಿಟಕಿಯ ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟುಕೊಂಡಳು, ನಾನು ಕೂರಬಾರದೆಂದು.