ಬಣ್ಣ ಬಳಿದ ಗೂಟ

ಮಳೆಗಾಲ ಕಳೆದು ಗಾಳಿ ದಿಕ್ಕು ಬದಲಿಸಿದ ಹೊತ್ತು. ಒಂದು ಮಧ್ಯಾಹ್ನ, ಬಿಸಿಲಿಗೆ ಕಬ್ಬಿಣದ ತಗಡೆಲ್ಲ ಕಾದು ಕೈ ಇಡಲಾಗದಂತಿದ್ದಾಗ, ದುರಸ್ತಿಕಟ್ಟೆಯ ಮೇಲೆ ಭಾವ ಮೈದುನರಿಬ್ಬರೂ ಜಗಳಕ್ಕೆ ನಿಂತರು. ನಡುವೆ ಡಬ್ಬಿ ಕುಂಚ ಹಿಡಿದು ನಿಂತವಳು ಬಣ್ಣದವಳು. ಒಬ್ಬ ಅವಳ ಗಂಡ, ಇನ್ನೊಬ್ಬ ಒಡಹುಟ್ಟಿದ ತಮ್ಮ.

ನದಿ ಸಮುದ್ರಕ್ಕೆ ಸೇರುವ ಕಡೆ ಇದ್ದ ಕಟ್ಟೆ ಅದು. ಹಡಗುಗಳನ್ನು ಹಗ್ಗ ಕಟ್ಟಿ ದಡಕ್ಕೆಳೆದು, ಹೊಟ್ಟೆ ಕೆರೆದು, ತುಕ್ಕು ತೆಗೆದು, ಬಣ್ಣ ಬಳಿದು ಮತ್ತೆ ನೀರಿಗಿಳಿಸುತ್ತಿದ್ದರು. ದಡಕ್ಕೆ ಬಂದ ಹಡಗಿನ ತಳದಲ್ಲಿ ನಿಂತ ನೀರು ಬಸಿದು ಹೋಗಲಿ ಎಂದು ಅಡಿಯಲ್ಲೊಂದು ತೂತು ಇರುತ್ತದೆ. ಅದಕ್ಕೆ ತಿರುಪಿ ಹಾಕುವ ಹಿತ್ತಾಳೆಯ ಬಿರಡೆ. ಬಿರಡೆ ಬಿಚ್ಚಿದವನು ಅದನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳಬೇಕು, ಮತ್ತೆ ಹಾಕುವ ತನಕ ತೆಗೆಯಬಾರದು. ಊಟಕ್ಕೂ, ನಿದ್ದೆಗೂ ಅದು ಕೊರಳಲ್ಲೇ. ಅದು ಒಬ್ಬನ ಕೊರಳಲ್ಲಿರುವ ತನಕ ಹಡಗು ನೀರಿಗಿಳಿಯಬಾರದು ಎಂಬುದು ಆ ಕಟ್ಟೆಯ ಕಟ್ಟಳೆ. ತಮ್ಮನಿಗೆ ಅದೇ ಕೆಲಸ. ತಲೆ ನರೆತಿದ್ದರೂ ಎಲ್ಲರ ಬಾಯಲ್ಲಿ ಅವನು ಬಿರಡೆಯೇ.

ಗಂಡ ಆ ಹಡಗಿನ ಕಪ್ತಾನ. ಒಳ್ಳೆಯವನೇ. ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

"ತೂತಿನೊಳಗಿನ ತಿರುಪಿನ ಗೆರೆ ಸವೆದು ಹೋಗಿದೆ ಭಾವ," ಎಂದ ಬಿರಡೆ. "ಹೊಸದಾಗಿ ತಿರುಪು ಕೊರೀಬೇಕು. ಅಲ್ಲೀತನಕ ನಾನು ಹಾಕಲ್ಲ."

"ಸರಕು ಕಾಯ್ತಾ ಇದೆ. ಇವತ್ತು ಹಾಕು."

"ಸರಕು ಕಾಯುತ್ತೆ. ನೀರು ಕಾಯಲ್ಲ."

"ಲೋ, ಒಂದು ತೂತು ಮುಚ್ಚೋಕೆ ಇಷ್ಟು ಜಂಬ ಬೇಡ. ಬಾಟಲಿ ಬಿರಡೆ ಹಾಕೋನೂ ಸುಮ್ಮನೆ ಹಾಕ್ತಾನೆ."

ಸುತ್ತ ನಿಂತವರು ನಕ್ಕರು. ನಕ್ಕದ್ದೇ ಕೆಟ್ಟಿತು. ಬಿರಡೆ ಕೊರಳ ದಾರವನ್ನು ಅಂಗಿಯೊಳಗೆ ಇಳಿಬಿಟ್ಟು, "ಹಂಗಾದ್ರೆ ಬಾಟಲಿ ತಗೊಂಡು ಸಮುದ್ರಕ್ಕೆ ಹೋಗು," ಎಂದು ಹೇಳಿ ಮನೆಯ ದಾರಿ ಹಿಡಿದ.

ಮರುದಿನ ಕಪ್ತಾನ ಬಡಗಿಯಿಂದ ಒಂದು ಗೂಟ ಕೆತ್ತಿಸಿ ತಂದ. ಒಣಗಿದ ಗಟ್ಟಿ ಮರ. ಸುತ್ತಿಗೆಯಲ್ಲಿ ಬಡಿದು ತೂತಿಗೆ ಕೂರಿಸಿದ. "ನೀರಲ್ಲಿ ಮರ ಉಬ್ಬುತ್ತೆ. ಉಬ್ಬಿದ ಮರ ಹಿತ್ತಾಳೆಗಿಂತ ಬಿಗಿ," ಎಂದ. ಅದೇನೂ ಸುಳ್ಳಲ್ಲ. ಮರದ ದೋಣಿಯವರೆಲ್ಲ ಬಲ್ಲ ಮಾತು.

ಬಣ್ಣದವಳು ತಳಕ್ಕೆ ಕೆಂಪು ಬಳಿಯುತ್ತ ಅಲ್ಲಿಗೆ ಬಂದಳು. ಬೋಳು ಮರದ ತಲೆ ಕೆಂಪಿನ ನಡುವೆ ಹುಣ್ಣಿನ ಹಾಗೆ ಕಾಣುತ್ತಿತ್ತು. ಗಂಡನ ಅವಸರ ನಾಲ್ಕು ಜನರ ಕಣ್ಣಿಗೆ ಬೀಳುವುದೇಕೆ ಎಂದುಕೊಂಡಳು. ಕುಂಚ ಅದ್ದಿ ಗೂಟದ ಮೇಲೂ ಬಳಿದಳು. ಒಣಗಿದ ಮೇಲೆ ಇನ್ನೊಂದು ಸಲ, ದಪ್ಪಗೆ. ಗೂಟ ಎಲ್ಲಿದೆ ಎಂದು ಅವಳೇ ಹುಡುಕಬೇಕಾಯಿತು.

ಕಟ್ಟಳೆ ಮೀರಿ ಹಡಗು ನೀರಿಗಿಳಿಯಿತು. ತೇಲಿತು. ಕಪ್ತಾನ ಹೆಂಡತಿಯತ್ತ ನೋಡಿ ಹುಬ್ಬು ಹಾರಿಸಿದ. ಅವಳು ನಗಲಿಲ್ಲ. ಅವಳ ಕಣ್ಣು ಹಡಗಿನ ಹಿಂಬದಿಯಲ್ಲಿತ್ತು. ಗೂಟ ಇದ್ದದ್ದು ಅಲ್ಲೇ, ಖಾಲಿ ಕೋಣೆಯ ಅಡಿಯಲ್ಲಿ.

ಆ ಕೋಣೆಯಲ್ಲಿ ಸರಕು ತುಂಬುವುದಿಲ್ಲ, ಎಣ್ಣೆ ತುಂಬುವುದಿಲ್ಲ. ಮುಚ್ಚಳಕ್ಕೆ ಸುತ್ತ ಬೋಲ್ಟು ಬಿಗಿದು ಗಾಳಿಯನ್ನಷ್ಟೇ ಇಟ್ಟಿರುತ್ತಾರೆ. ಅವಳು ಚಿಕ್ಕವಳಿದ್ದಾಗ ಅದೇ ಕಟ್ಟೆಯಲ್ಲಿ ಕೆಲಸಕ್ಕಿದ್ದ ಅಪ್ಪ ಒಂದು ತುಂಡು ತಗಡನ್ನು ಬಟ್ಟಲಿನಂತೆ ಬಗ್ಗಿಸಿ ಬಕೆಟ್ಟಿನ ನೀರಲ್ಲಿ ತೇಲಿಸಿದ್ದ. ಆಮೇಲೆ ಅದೇ ತಗಡನ್ನು ಸುತ್ತಿಗೆಯಲ್ಲಿ ಬಡಿದು ಮುದ್ದೆ ಮಾಡಿ ಹಾಕಿದ್ದ. ಬುಳಕ್ ಎಂದು ಮುಳುಗಿತ್ತು. "ತೂಕ ಎರಡಕ್ಕೂ ಒಂದೇ ಮಗಾ," ಎಂದಿದ್ದ. "ಬಟ್ಟಲು ಬಹಳ ನೀರನ್ನ ಪಕ್ಕಕ್ಕೆ ತಳ್ಳಿ ಜಾಗ ಮಾಡ್ಕೊಳ್ಳುತ್ತೆ. ತಳ್ಳಿದ ನೀರಿನ ತೂಕ ಎಷ್ಟೋ, ಅಷ್ಟೇ ಬಲದಲ್ಲಿ ನೀರು ಅದನ್ನ ಮೇಲಕ್ಕೆ ಎತ್ತುತ್ತೆ. ಮುದ್ದೆ ತಳ್ಳೋದು ಒಂದು ಗುಟುಕು ನೀರು. ಅದು ಯಾವ ಮೂಲೆಗೆ ಸಾಲುತ್ತೆ? ಹಡಗನ್ನ ತೇಲಿಸೋದು ಕಬ್ಬಿಣ ಅಲ್ಲ, ಒಳಗಿನ ಖಾಲಿ. ಖಾಲಿಗೆ ನೀರು ಹೊಕ್ಕರೆ ಹಡಗೂ ಒಂದು ಮೊಳೆ."

ಸರಕು ಬಂತು. ನೋಡಿದರೆ ಮೊಳೆ. ಪೆಟ್ಟಿಗೆ ಪೆಟ್ಟಿಗೆ ಮೊಳೆ. ಹಡಗಿನ ಹೊಟ್ಟೆ ತುಂಬಿ ಮಿಕ್ಕದ್ದನ್ನು ಹಿಂಬದಿಯಲ್ಲಿ, ಮೇಲಿನ ತೆರೆದ ಅಟ್ಟದ ಮೇಲೂ ಪೇರಿಸಿದರು. ಇಂಜಿನ್ ನೋಡುವವನನ್ನು ಎಲ್ಲರೂ ಮಸಿ ಎಂದು ಕರೆಯುತ್ತಿದ್ದರು, ಇಂಜಿನ್ನಿನ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಅವನು ಒಂದು ಮೊಳೆಯನ್ನು ನೀರಿಗೆಸೆದು, "ನೋಡಕ್ಕಾ, ಒಂಟಿಯಾಗಿ ಹೋದ್ರೆ ಮುಳುಗ್ತಾನೆ. ನಮ್ಮ ಜೊತೆ ಬಂದ್ರೆ ಊರು ಸುತ್ತುತಾನೆ," ಎಂದು ನಕ್ಕ.

ಗುರುವಾರ ಬೆಳಿಗ್ಗೆ ಕೊನೆಯ ಪೆಟ್ಟಿಗೆ ಏರಿತು. ಹೊರಡುವುದು ಸಂಜೆ, ಸಮುದ್ರದ ಭರತ ಏರಿ ನದಿಯಲ್ಲಿ ನೀರು ತುಂಬಿದಾಗ. ಹಗ್ಗ ಉಜ್ಜಿ ಬಣ್ಣ ಕಿತ್ತು ಹೋದ ಕಡೆ ಹಚ್ಚಲು ಬಣ್ಣದವಳು ಹಡಗು ಕಟ್ಟಿದ್ದ ಧಕ್ಕೆಯ ಮೆಟ್ಟಿಲಿಳಿದು ಹಡಗಿನ ಹಿಂಬದಿಗೆ ಬಂದಳು. ಕೆಳಗೆ ಕೆಂಪು, ಮೇಲೆ ಕಪ್ಪು, ನಡುವೆ ಅವಳೇ ಎಳೆದ ಬಿಳಿ ಪಟ್ಟಿ. ನೀರು ಪಟ್ಟಿಯ ಕೆಳ ಅಂಚನ್ನು ದಾಟಿ ನಿಂತಿತ್ತು.

"ಹಿಂಬದಿ ಇಳಿದಿದೆ," ಎಂದಳು ಗಂಡನಿಗೆ.

"ಮೊಳೆ ಹೇರಿದ್ದೀವಿ, ಹತ್ತಿ ಅಲ್ಲ."

"ಅಟ್ಟದ ಮೇಲೆ ಹೇರೋ ಮುಂಚೇನೇ ಇಳಿದಿತ್ತು."

"ಎಣ್ಣೆ ತುಂಬಿಸಿದ್ದೀವಿ. ಮೇಲಾಗಿ ಇದು ಸಿಹಿನೀರು ಕಣೆ. ಸಮುದ್ರದ ಉಪ್ಪುನೀರು ತೂಕ ಜಾಸ್ತಿ, ಅಲ್ಲಿಗೆ ಹೋದ್ರೆ ಹಡಗು ತಾನೇ ಸ್ವಲ್ಪ ಏಳುತ್ತೆ. ನಿಮ್ಮಪ್ಪ ಹೇಳಿಲ್ವಾ?"

ಹೇಳಿದ್ದ. ಗಂಡನ ಪ್ರತಿ ಮಾತೂ ನಿಜವೇ. ಅದಕ್ಕೇ ಅವಳಿಗೆ ದಿಗಿಲಾದದ್ದು. ಒಂದೊಂದು ನಿಜದ ಹಿಂದೆಯೂ ಇನ್ನೇನೋ ಬಚ್ಚಿಟ್ಟುಕೊಂಡ ಹಾಗಿತ್ತು.

"ಖಾಲಿ ಕೋಣೆಗೆ ಒಂದು ಸಲ ಸರಳು ಬಿಟ್ಟು ನೋಡಿ," ಎಂದಳು. ಅಟ್ಟದಿಂದ ಆ ಕೋಣೆಯ ತಳದ ತನಕ ಒಂದು ಸಣ್ಣ ಕೊಳವೆ ಇಳಿದಿತ್ತು. ದಾರ ಕಟ್ಟಿದ ಸರಳನ್ನು ಅದರಲ್ಲಿ ಬಿಟ್ಟು ಎತ್ತಿದರೆ ಎಷ್ಟು ನೆನೆದಿದೆಯೋ ಒಳಗೆ ಅಷ್ಟು ನೀರು.

"ಕೊಳವೆ ಬಾಯಿ ಮೇಲೆ ಪೆಟ್ಟಿಗೆ ಪೇರಿಸಿ ಆಗಿದೆ. ನಿನ್ನ ತಮ್ಮನ ಮಾತಿಗೋಸ್ಕರ ಎಲ್ಲ ಇಳಿಸ್ಲಾ?"

ಅವಳು ಮತ್ತೆ ಮೆಟ್ಟಿಲಿಳಿದು, ಕುಂಚದ ತುದಿಗೆ ಕೆಂಪು ಹಚ್ಚಿಕೊಂಡು, ಬಿಳಿ ಪಟ್ಟಿಯ ಮೇಲೆ ನೀರಿನಿಂದ ಒಂದು ಬೆರಳು ಮೇಲಕ್ಕೆ ಬೊಟ್ಟಿಟ್ಟಳು. ಸರಕು ಮುಗಿದಿದೆ, ಎಣ್ಣೆ ತುಂಬಿದೆ. ಇನ್ನು ಒಳಕ್ಕೆ ಹೋಗುವುದೇನೂ ಇಲ್ಲ. ಬೊಟ್ಟು ಅಲ್ಲೇ ಇರಬೇಕು.

ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದಳು. ಕೈ ತೊಳೆದು ಬಂದು ನೋಡಿದಳು. ಬೊಟ್ಟು ಕಾಣಲಿಲ್ಲ. ನೀರೊಳಗೆ ಕೈ ಹಾಕಿದಳು. ಇನ್ನೂ ಒಣಗದ ಬಣ್ಣ ಬೆರಳಿಗೆ ಹತ್ತಿತು, ಗೇಣು ಆಳದಲ್ಲಿ.

"ಭರತ ಏರ್ತಾ ಇದೆಯಲ್ಲಕ್ಕ," ಎಂದ ಮೇಲಿನಿಂದ ಇಣುಕಿದ ಮಸಿ.

"ಭರತಕ್ಕೆ ಧಕ್ಕೆ ಮುಳುಗುತ್ತೆ ಮಸಿ. ಹಡಗು ನೀರಿನ ಜೊತೆಗೇ ಏಳುತ್ತೆ. ಹಡಗಿನ ಮೇಲಿನ ಬೊಟ್ಟು ಯಾಕೆ ಮುಳುಗಬೇಕು?"

ಮಸಿಯ ನಗು ಅರ್ಧಕ್ಕೇ ನಿಂತಿತು. ಅವನು ಕಪ್ತಾನನನ್ನು ಕರೆದ. ಕಪ್ತಾನ ಬಂದು, ಹೆಂಡತಿಯ ಕೆಂಪು ಬೆರಳನ್ನೂ ನೀರನ್ನೂ ನೋಡಿದ. ಮುಖ ಕಪ್ಪಿಟ್ಟಿತು. "ಪೆಟ್ಟಿಗೆ ಸರಿಸೋಣ," ಎಂದ. ಅಷ್ಟೇ. "ಮಸಿ, ಕೆಳಗಿಳಿದು ಪಂಪು ಹಚ್ಚು."

ಬಣ್ಣದವಳು ತಮ್ಮನ ಮನೆಗೆ ಓಡಿದಳು. ಧಕ್ಕೆಯ ಹಿಂದಿನ ಓಣಿಯಲ್ಲೇ ಮನೆ. ಬಿರಡೆ ಹೊಸ್ತಿಲಲ್ಲಿ ಕೂತು ತಿರುಪು ಕೊರೆಯುವ ಉಪಕರಣಕ್ಕೆ ಎಣ್ಣೆ ಹಚ್ಚುತ್ತಿದ್ದ. ಕರೆಯಲಿ ಎಂದು ಕಾದಿದ್ದವನಂತೆ. "ಖಾಲಿ ಕೋಣೆಗೆ ನೀರು ಹೋಗ್ತಿದೆ," ಎಂದಳು.

"ಮರದ ಗೂಟ ಹೊಡೆದಿದ್ದು ಗೊತ್ತು," ಎಂದ. "ಅದು ಹೆಂಗೋ ಉಬ್ಬಿ ಕಚ್ಕೊಳ್ಳುತ್ತೆ ಅಂತ ಸುಮ್ಮನಿದ್ದೆ. ಯಾಕೆ ಸೋರ್ತಿದೆ?"

ಅವಳು ಬೆರಳು ನೋಡಿಕೊಂಡಳು. "ನಾನು ಅದರ ಮೇಲೆ ಬಣ್ಣ ಬಳಿದೆ. ಎರಡು ಸಲ."

ಬಿರಡೆ ಕಣ್ಣು ಮುಚ್ಚಿಕೊಂಡ. "ಬಣ್ಣ ಬಳಿದ ಮರ ನೀರು ಕುಡಿಯಲ್ಲ ಅಕ್ಕ. ಕುಡೀದಿದ್ರೆ ಉಬ್ಬಲ್ಲ. ಸವೆದ ತಿರುಪಿನ ಸಂದಲ್ಲಿ ಇಷ್ಟಿಷ್ಟೇ ಹೋಗಿ ಹೋಗಿ..." ಮಾತು ಮುಗಿಸದೆ ಎದ್ದ. "ಭಾವ ಈಗ ಏನು ಮಾಡ್ತಿದ್ದಾನೆ?"

"ಕೊಳವೆ ಮೇಲಿನ ಪೆಟ್ಟಿಗೆ ಸರಿಸ್ತಿದ್ದಾರೆ."

"ಯಾವ ಕಡೆಗೆ?"

ಅವಳಿಗೆ ಗೊತ್ತಿರಲಿಲ್ಲ. ಅವನು ಓಡಿದ.

ಧಕ್ಕೆಗೆ ಬರುವಾಗ ಆಳುಗಳು ಪೆಟ್ಟಿಗೆಗಳನ್ನು ಅಟ್ಟದ ಮೇಲೇ ಧಕ್ಕೆಯ ಕಡೆಯ ಅಂಚಿಗೆ ದಾಟಿಸಿ ಪೇರಿಸುತ್ತಿದ್ದರು. ಹತ್ತಿರವಾಗುತ್ತದೆ, ಬೇಕಾದರೆ ಇಳಿಸಬಹುದು ಎಂಬ ಲೆಕ್ಕ. ಹಡಗು ಅತ್ತ ಒಂದಿಷ್ಟೇ ಓಲಿತ್ತು.

"ಎರಡೂ ಕಡೆ ಹಂಚಿ!" ಬಿರಡೆ ದೂರದಿಂದಲೇ ಕೂಗಿದ. "ಒಳಗೆ ನೀರಿದೆ. ಓಲಿದ ಕಡೆಗೇ ಓಡುತ್ತೆ. ಭಾವ, ಆ ಕಡೆಗೂ ಹಾಕಿಸು."

ಕಪ್ತಾನನಿಗೆ ಕೇಳಿಸಿತು. ಕೇಳಿಸಿದ್ದು ಬಣ್ಣದವಳಿಗೆ ಗೊತ್ತಾಯಿತು, ಯಾಕೆಂದರೆ ಅವನ ಬೆನ್ನು ಸೆಟೆಯಿತು. ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಪೆಟ್ಟಿಗೆಯನ್ನು ಧಕ್ಕೆಯ ಕಡೆಗೇ ಇಟ್ಟ. ಇನ್ನೊಂದನ್ನೂ ಇಟ್ಟ. ಕೊಳವೆಯ ಬಾಯಿ ತೆರವಾಯಿತು. ಸರಳು ಇಳಿಬಿಟ್ಟು ಎತ್ತಿದ. ತುದಿಯಿಂದ ಬುಡದವರೆಗೂ ತೊಟ್ಟಿಕ್ಕುತ್ತಿತ್ತು.

ಆಗ ಮಾತ್ರ ತಿರುಗಿದ. ಭಾವಮೈದುನನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ.

ಹಡಗಿನ ಒಳಗೆ ಯಾರೋ ಹೊರಳಿ ಮಲಗಿದ ಹಾಗೆ ಸದ್ದಾಯಿತು. ಅರ್ಧ ತುಂಬಿದ ಕೋಣೆಯ ನೀರು ಓಲಿದ ಕಡೆಗೆ ಸರಿಯಿತು, ಸರಿದ ನೀರಿನ ಭಾರಕ್ಕೆ ಹಡಗು ಇನ್ನಷ್ಟು ಓಲಿತು, ಓಲಿದ್ದಕ್ಕೆ ನೀರು ಮತ್ತಷ್ಟು ಸರಿಯಿತು. ಪೆಟ್ಟಿಗೆಗಳು ಜಾರಿದವು. ಆಳುಗಳು ಧಕ್ಕೆಗೆ ನೆಗೆದರು. ಅಟ್ಟದ ಅಂಚು ನೀರಿಗೆ ತಾಗಿತು. ತೆರೆದೇ ಇದ್ದ ಹೊಟ್ಟೆಯ ಬಾಯಿಯಿಂದ ನದಿ ಒಳನುಗ್ಗಿತು.

"ನೆಗೀರಿ," ಎಂದಳು ಬಣ್ಣದವಳು.

ಕಪ್ತಾನ ನೆಗೆಯಬಹುದಿತ್ತು. ಕಾಲು ಅಂಚಿನ ಮೇಲೇ ಇತ್ತು. ಅವನು ಇಂಜಿನ್ ಕೋಣೆಯ ಬಾಗಿಲ ಕಡೆ ನೋಡಿದ. ಒಳಗೆ ಪಂಪು ಹಚ್ಚುತ್ತ ಕೂತ ಮಸಿಯ ಕಿವಿಗೆ ಯಾವ ಕೂಗೂ ಬಿದ್ದಿರಲಿಲ್ಲ. ಕಪ್ತಾನ ಕೆಳಗಿಳಿದ.

ಮಸಿ ಹೊರಬಂದ. ಹಿಂದಿನಿಂದ ಯಾರೋ ನೂಕಿದಂತೆ, ಮುಗ್ಗರಿಸಿ ನೀರಿಗೇ ಬಿದ್ದ. ಬಿರಡೆ ಹಗ್ಗ ಎಸೆದು ಎಳೆದುಕೊಂಡ. ಮಸಿಯ ಹಿಂದೆ ಬಾಗಿಲಲ್ಲಿ ನೀರು ಮಾತ್ರ ಬಂತು.

ಗುಳ್ಳೆ ಏಳುತ್ತಿದ್ದವು, ದೊಡ್ಡ ದೊಡ್ಡವು. ಒಳಗಿನ ಖಾಲಿಯೆಲ್ಲ ಹೊರಬರುತ್ತಿತ್ತು. ಆಮೇಲೆ ಸಣ್ಣವು. ಆಮೇಲೆ ನದಿ ಏನೂ ನಡೆಯದ ಹಾಗೆ ಚಪ್ಪಟೆಯಾಯಿತು. ಮಸಿ ಧಕ್ಕೆಯ ಮೇಲೆ ಕೂತು, "ಏನೋ ಹೇಳ್ತಿದ್ರು ಅಕ್ಕ, ನನಗೆ ಕೇಳಿಸ್ಲಿಲ್ಲ," ಎಂದು ಅದನ್ನೇ ಹೇಳುತ್ತಿದ್ದ.

ಮುಳುಗುಗಾರರು ಕಪ್ತಾನನನ್ನು ಮೇಲೆತ್ತಿದ ಮೇಲೆ ಮತ್ತೆ ಇಳಿದರು. ತಳ ನೋಡಿ ಬಂದು, ಗೂಟ ಇದ್ದ ಕಡೆಯೇ ಇದೆ, ಬಣ್ಣವೂ ಹೊಸದರ ಹಾಗಿದೆ ಎಂದರು. ಬಣ್ಣದವಳು ತಲೆಯಾಡಿಸಿದಳು. ಆಮೇಲೆ ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒಣಗಲು ಇಟ್ಟಳು. ಬೆರಳ ಕೆಂಪು ಮಾತ್ರ ಉಗುರ ಸಂದಿಯಲ್ಲಿ ಉಳಿಯಿತು.

ಅಕ್ಕ ತಮ್ಮ ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ. ಬೈಯಲಿಲ್ಲ ಕೂಡ. ಬೈದಿದ್ದರೆ ಒಂದು ದಾರಿ ಸಿಗುತ್ತಿತ್ತೇನೋ.

ಗಂಡ ಹೋದದ್ದು ಗುರುವಾರ. ತಮ್ಮ ಕಟ್ಟೆಯ ಕೆಲಸ ಬಿಟ್ಟು ಎತ್ತಲೋ ಹೋದದ್ದು ಅದರ ಮುಂದಿನ ಸೋಮವಾರ ಬೆಳಿಗ್ಗೆ. ಹಿತ್ತಾಳೆಯ ಬಿರಡೆ ಆಗಲೂ ಅವನ ಕೊರಳಲ್ಲೇ ಇತ್ತು.