ಉಳಿದರ್ಧ ಫೀಸು

ಲಾಂಡ್ರಿ ಅಮ್ಮನಿಗೆ ಕೆಲಸದವರು ಸಿಗುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಸಿಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಕೌಂಟರಿಗೆ ಬಂದ ಒಬ್ಬಳು ಫೋನಿನಲ್ಲಿ ಜಾಸ್ತಿ ನಗುತ್ತಾಳೆ, ಇನ್ನೊಬ್ಬನು ಗಿರಾಕಿ ಬಂದರೂ ನಗುವುದಿಲ್ಲ, ಮತ್ತೊಬ್ಬಳು ಕಾಲರಿನ ಕೊಳೆ ನೋಡದೆ ಅಂಗಿ ಇಸಿದುಕೊಳ್ಳುತ್ತಾಳೆ. ಹೀಗೆ ಒಬ್ಬೊಬ್ಬರಿಗೂ ಒಂದೊಂದು ಹೆಸರಿಟ್ಟು ಕಳಿಸಿ, ಕಡೆಗೆ ಎಲ್ಲ ಕೆಲಸವನ್ನೂ ಅಮ್ಮನೇ ಮೈಮೇಲೆ ಎಳೆದುಕೊಳ್ಳುತ್ತಿದ್ದರು. ಆಮೇಲೆ ಗಂಡನ ಮುಂದೆ ಸೊಂಟ ಹಿಡಿದುಕೊಂಡು ನರಳುತ್ತಿದ್ದರು. ಯಜಮಾನರು ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತದೆ ಹೂಂಗುಟ್ಟುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಯಾವಾಗ ಹೂಂಗುಟ್ಟಬೇಕು ಅಂತ ಗೊತ್ತಿರುವುದಿಲ್ಲವೇ?

ಆದರೆ ಈ ಸಲ ಹೂಂಗುಟ್ಟಿ ಮುಗಿಸುವ ಹಾಗಿರಲಿಲ್ಲ. ಮಗಳಿಗೆ ಚೊಚ್ಚಲ ಹೆರಿಗೆ. ಅವಳಿರುವ ಊರು ರೈಲಿನಲ್ಲಿ ಒಂದು ರಾತ್ರಿಯ ದಾರಿ. "ಅಮ್ಮಾ, ನೀನು ಬರ್ತೀಯ ತಾನೆ?" ಎಂದು ಅವಳು ಕೇಳಿದಾಗಲೆಲ್ಲ ಅಮ್ಮನ ಕರುಳು ಚುರ್ ಎನ್ನುತ್ತಿತ್ತು. ಅಂಗಡಿಯನ್ನು ಯಾರ ಕೈಗೆ ಕೊಟ್ಟು ಹೋಗುವುದು?

ಏಜೆನ್ಸಿಯವಳು ಬಂದದ್ದು ಅಂಥ ಒಂದು ಬೆಳಿಗ್ಗೆ. ಬಾಗಿಲಲ್ಲಿ ಅಂಟಿಸಿದ್ದ 'ಕೆಲಸಕ್ಕೆ ಜನ ಬೇಕಾಗಿದ್ದಾರೆ' ಚೀಟಿ ಬಿಸಿಲಿಗೆ ಹಳದಿಯಾಗಿದ್ದನ್ನು ಓದಿಕೊಂಡೇ ಒಳಗೆ ಬಂದಿದ್ದಳು.

"ಅಮ್ಮ, ಐದು ನಿಮಿಷ ಕೊಡಿ. ನಿಮಗೆ ಕೆಲಸಕ್ಕೆ ಜನ ಹುಡುಕಿ ಕೊಡೋದು ನಮ್ಮ ಕೆಲಸ. ಎಷ್ಟು ಜನ ಬೇಕು?"

"ಇಬ್ಬರು. ಇಸ್ತ್ರಿಗೊಬ್ಬ, ಕೌಂಟರಿಗೊಬ್ಬರು. ಮೊದಲು ದುಡ್ಡಿನ ಮಾತು ಹೇಳಿ. ಆಮೇಲೆ ಅದಕ್ಕಿಷ್ಟು ಇದಕ್ಕಿಷ್ಟು ಅಂತ ಬಾಲ ಬೆಳೆಸೋದು ಬೇಡ," ಎಂದರು ಅಮ್ಮ, ಅಂಗಿಗಳಿಗೆ ನಂಬರಿನ ಪಟ್ಟಿ ಚುಚ್ಚುತ್ತಲೇ.

"ಅದನ್ನೇ ಹೇಳೋಕೆ ಬಂದೆ. ಹೆಸರು ಬರೆಸೋಕೆ, ಹುಡುಕೋಕೆ, ಕರ್ಕೊಂಡು ಬಂದು ತೋರಿಸೋಕೆ ಏನೂ ಇಲ್ಲ. ನಿಮಗೆ ಒಪ್ಪಿಗೆಯಾಗಿ ಅವರು ಕೆಲಸಕ್ಕೆ ಸೇರಿದರೆ ಮಾತ್ರ ನಮ್ಮ ಫೀಸು. ಒಬ್ಬರಿಗೆ ಅವರ ಒಂದು ತಿಂಗಳ ಸಂಬಳದಷ್ಟು. ತೆರಿಗೆ ಅದರ ಮೇಲೆ. ಅರ್ಧ ಸೇರಿದ ದಿನ, ಉಳಿದರ್ಧ ಮೂರು ತಿಂಗಳು ತುಂಬಿದ ಮೇಲೆ."

"ಮಧ್ಯದಲ್ಲೇ ಕೈ ಕೊಟ್ಟರೆ?"

"ಮೂರು ತಿಂಗಳೊಳಗೆ ಅವರೇ ಬಿಟ್ಟರೂ, ಕೆಲಸ ಬರೋಲ್ಲ ಅಂತ ನೀವು ಬಿಡಿಸಿದರೂ, ಒಂದು ಸಲ ಬೇರೆಯವರನ್ನ ಪುಕ್ಕಟೆ ತಂದುಕೊಡ್ತೀವಿ. ಆದರೆ ಒಂದು ಮಾತು. ನೀವು ಒಂದು ಕೆಲಸ ಹೇಳಿ ಇನ್ನೊಂದು ಮಾಡಿಸಿದರೆ, ಸಂಬಳ ತಡ ಮಾಡಿದರೆ, ಸುಮ್ಮಸುಮ್ಮನೆ ಓಡಿಸಿದರೆ, ಆ ಪುಕ್ಕಟೆ ಇಲ್ಲ."

ಒಳಗಡೆ ಯಜಮಾನರು ಕೆಮ್ಮಿದರು. ಅದು ಕೆಮ್ಮಲ್ಲವೆಂದು ಅಮ್ಮನಿಗೆ ಗೊತ್ತಾಯಿತು.

"ಕೆಲಸಕ್ಕೆ ಬರೋರ ಹತ್ರ ಎಷ್ಟು ಕಿತ್ತುಕೊಳ್ತೀರ?"

"ಕೆಲಸ ಹುಡುಕೋರ ಹತ್ರ ಒಂದು ಕಾಸೂ ಇಲ್ಲ. ಸೇರೋಕೆ ಮುಂಚೆ ಸಾಲ ಮಾಡಿಸಿದರೆ ಅವರು ನಿಮ್ಮ ಕೌಂಟರಲ್ಲಿ ಮನಸ್ಸಿಟ್ಟು ನಿಲ್ತಾರಾ? ಈಗ ಹೇಳಿ, ಕೌಂಟರಿನವರು ಏನೇನು ಮಾಡಬೇಕು?"

ಅಮ್ಮ ಶುರು ಮಾಡಿದರು. ಬಟ್ಟೆ ಇಸಿದುಕೊಳ್ಳಬೇಕು, ಕಲೆ ನೋಡಬೇಕು, ಕಿತ್ತ ಗುಂಡಿ ಹೊಲಿಯಬೇಕು, ಫೋನು ಎತ್ತಬೇಕು, ಲೆಕ್ಕ ಬರೆಯಬೇಕು, ಬಾಕಿ ವಸೂಲಿ ಮಾಡಬೇಕು, ಹೊತ್ತಾದರೆ ಮನೆಗಳಿಗೆ ಬಟ್ಟೆ ಮುಟ್ಟಿಸಬೇಕು, ಜಗಳಗಂಟ ಗಿರಾಕಿಗೆ ಸಮಾಧಾನ ಹೇಳಬೇಕು. ಬರೆದುಕೊಳ್ಳುತ್ತಿದ್ದ ಏಜೆನ್ಸಿಯವಳು ಪೆನ್ನು ಕೆಳಗಿಟ್ಟಳು.

"ಅಮ್ಮ, ಬೇಜಾರು ಮಾಡ್ಕೋಬೇಡಿ. ಇದು ಕೆಲಸ ಅಲ್ಲ, ಇದು ನೀವು. ಇನ್ನೊಬ್ಬ ನಿಮ್ಮನ್ನ ನಾನು ಎಲ್ಲಿಂದ ತರಲಿ? ಬಟ್ಟೆ ಇಸಿದುಕೊಂಡು, ಕಲೆ ನೋಡಿ, ಚೀಟಿ ಬರೆದು, ಸರಿಯಾದ ಬಟ್ಟೆ ಸರಿಯಾದವರಿಗೆ ಕೊಡೋರನ್ನ ತರ್ತೀನಿ. ಲೆಕ್ಕ ಸರ್ ನೋಡ್ಕೊಳ್ಳಲಿ. ಗುಂಡಿಗೆ ದರ್ಜಿ ಇದ್ದಾನೆ."

ಅಮ್ಮನ ಮುಖ ಊದಿಕೊಂಡಿತು. ಹೊಗಳಿದಳೋ ತೆಗಳಿದಳೋ ತಿಳಿಯಲಿಲ್ಲ. ಆದರೆ ಮಗಳ ಮುಖ ಕಣ್ಣ ಮುಂದೆ ಬಂತು. ಹೂಂ ಎಂದುಬಿಟ್ಟರು.

ಇಸ್ತ್ರಿಯವನು ಬಂದ ದಿನವೇ ಒಗ್ಗಿಹೋದ. ಕೌಂಟರಿಗೆ ಬಂದವಳು ದಪ್ಪ ಕನ್ನಡಕದ ನಡುವಯಸ್ಸಿನವಳು. ಅಮ್ಮ ಅವಳನ್ನು ಕನ್ನಡಕ ಎಂದೇ ಕರೆದರು. ಅವಳು ನಿಧಾನಸ್ಥೆ. ಅಮ್ಮ ಮೂರು ಗಿರಾಕಿಗಳನ್ನು ಕಳಿಸುವಷ್ಟರಲ್ಲಿ ಅವಳು ಒಬ್ಬರ ಅಂಗಿಯ ತೋಳು ಮಗುಚಿ ನೋಡುತ್ತಿರುತ್ತಿದ್ದಳು. ಅಮ್ಮನ ನಾಲಿಗೆ ತುದಿಗೆ ಎಷ್ಟೋ ಸಲ ಮಾತು ಬಂತು. ಅಷ್ಟರಲ್ಲಿ ಒಳಗಿನಿಂದ ಯಜಮಾನರು ಕೆಮ್ಮುತ್ತಿದ್ದರು. ಅಮ್ಮ ಮಾತು ನುಂಗಿಕೊಂಡು ಕಲಿಸಿದರು. ಯಾವ ಕಲೆ ಹೋಗುತ್ತದೆ, ಯಾವುದು ಹೋಗುವುದಿಲ್ಲ, ಹೋಗದ್ದನ್ನು ಮೊದಲೇ ಚೀಟಿಯಲ್ಲಿ ಹೇಗೆ ಬರೆಯಬೇಕು.

"ಮುಖ್ಯವಾದದ್ದು ಇದು ಕಣೇ," ಎಂದು ಗೋಡೆಯ ಮೇಲೆ ತಾವೇ ಬರೆದ ಹಲಗೆ ತೋರಿಸಿದರು. "ಚೀಟಿ ಇಲ್ಲದೆ ಬಟ್ಟೆ ಇಲ್ಲ. ನನ್ನ ಅತ್ತೆ ಎದ್ದು ಬಂದು ಕೇಳಿದರೂ ಕೊಡಕೂಡದು."

ಹೊರಡುವ ದಿನ ತಮ್ಮ ಉಣ್ಣೆ ಶಾಲನ್ನೂ ಒಗೆಯಲು ಹಾಕಿ, ನಿಯಮ ನಿಯಮವೇ ಎಂದು ಅದಕ್ಕೂ ಚೀಟಿ ಬರೆಸಿಕೊಂಡು ರೈಲು ಹತ್ತಿದರು.

ಹೆಣ್ಣು ಮಗು ಹುಟ್ಟಿತು. ಅಜ್ಜಿಯ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ಅಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೂ ಕೂಸು ಮಲಗಿದ ಮೇಲೆ ಫೋನು ಮಾಡಿ, "ಅಂಗಡಿ ಹೇಗಿದೆ ರೀ?" ಎನ್ನುವರು. "ಚೆನ್ನಾಗಿದೆ," ಎನ್ನುವರು ಯಜಮಾನರು. ಈ ಉತ್ತರ ಕೇಳಿ ಅಮ್ಮನಿಗೆ ಸಮಾಧಾನವಾಗಬೇಕಿತ್ತು, ನಿಜ. ಆಗುತ್ತಿತ್ತು ಕೂಡ. ಜೊತೆಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಲೂ ಇತ್ತು. ತಾನಿಲ್ಲದೆ ಎರಡು ತಿಂಗಳು ಚೆನ್ನಾಗಿರಲು ಅದಕ್ಕೇನು ಧೈರ್ಯ!

ವಾಪಸು ಬರುವ ಮುನ್ನಾದಿನ ಯಜಮಾನರೇ ಹೇಳಿದರು. "ಮೂರು ತಿಂಗಳು ತುಂಬ್ತಾ ಬಂತು ಕಣೆ. ಇಸ್ತ್ರಿಯವನದ್ದು ಸರಿ. ಕೌಂಟರಿನವಳದ್ದು ಉಳಿದರ್ಧ ಫೀಸು ಕೊಡೋದೋ, ಕೆಲಸ ಸಾಲದು ಅಂತ ಬೇರೆಯವರನ್ನ ಕೇಳೋದೋ, ನೀನೇ ಬಂದು ನೋಡಿ ಹೇಳು."

ಅಮ್ಮ ನಿಲ್ದಾಣದಿಂದ ಮನೆಗೆ ಹೋಗದೆ, ಕೈಚೀಲ ಹಿಡಿದು ಸೀದಾ ಅಂಗಡಿಗೇ ಬಂದರು. ತಪ್ಪು ಹುಡುಕಲೆಂದೇ ಬಂದರು ಎಂದರೂ ತಪ್ಪಿಲ್ಲ. ಬೆರಳಿಂದ ಕೌಂಟರು ಒರೆಸಿ ನೋಡಿದರು, ಧೂಳಿರಲಿಲ್ಲ. ನೇತುಹಾಕಿದ ಕೋಟುಗಳ ನಂಬರು ನೋಡಿದರು, ಸಾಲಾಗಿದ್ದವು. ಜಗಳಗಂಟ ಗಿರಾಕಿಯೊಬ್ಬರು ಜಗಳವಾಡದೆ ಬಟ್ಟೆ ತೆಗೆದುಕೊಂಡು ಹೋದರು. ಅಮ್ಮನಿಗೆ ಕೊಂಚ ಅವಮಾನವೇ ಆಯಿತು.

"ನನ್ನ ಶಾಲು ಕೊಡು," ಎಂದರು ಗತ್ತಿನಿಂದ.

ಕನ್ನಡಕದವಳು ಎದ್ದು ನಿಂತಳು. ಕೈ ಚಾಚಿದಳು. "ಚೀಟಿ ಕೊಡಿ ಅಮ್ಮ."

ಒಳಗೆ ಇಸ್ತ್ರಿಯ ಬುಸುಗುಟ್ಟುವಿಕೆ ನಿಂತುಹೋಯಿತು. ಯಜಮಾನರು ಕೆಮ್ಮುವುದನ್ನೂ ಮರೆತರು.

"ಏನಂದೆ? ನಾನು ಯಾರು ಗೊತ್ತಾ?"

"ಗೊತ್ತಮ್ಮ. ಹಲಗೆ ಬರೆದವರು ನೀವೇ," ಎಂದಳು ಅವಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಮ್ಮ ಹಲಗೆ ನೋಡಿದರು, ಅವಳನ್ನು ನೋಡಿದರು. ಆಮೇಲೆ ಕೈಚೀಲ ಕೌಂಟರಿನ ಮೇಲೆ ಸುರಿದು, ಕೂಸಿನ ಕಾಲುಚೀಲಗಳ ನಡುವೆ ಸಿಕ್ಕಿಕೊಂಡಿದ್ದ ಮುದುಡಿದ ಚೀಟಿ ಹುಡುಕಿ ತೆಗೆದು ಅವಳ ಕೈಗಿಟ್ಟರು. ಅವಳು ನಂಬರು ನೋಡಿ, ಶಾಲು ತಂದು, ಬಿಚ್ಚಿ ತೋರಿಸಿ, ಮತ್ತೆ ಮಡಿಚಿ ಕೊಟ್ಟಳು. ಅಮ್ಮನಿಗೆ ಯಾಕೋ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ರೀ, ಉಳಿದರ್ಧ ಇವತ್ತೇ ಕಳಿಸಿಬಿಡಿ," ಎಂದು ಒಳಗೆ ಕೂಗಿದರು. "ಇವಳನ್ನ ಇನ್ಯಾರಾದರೂ ಹಾರಿಸಿಕೊಂಡು ಹೋದಾರು."

ಶಾಲು ಹೊದ್ದು, ಗಿರಾಕಿಗಳ ಬೆಂಚಿನ ಮೇಲೆ ಕೂತು, "ಬಾರೇ ಇಲ್ಲಿ, ನನ್ನ ಮೊಮ್ಮಗಳನ್ನ ನೋಡು," ಎಂದು ಫೋನು ತೆಗೆದರು. ಅಂಗಡಿ ಇಟ್ಟಾಗಿನಿಂದ ಆ ಬೆಂಚಿನ ಮೇಲೆ ಅವರು ಕೂತದ್ದು ಅದೇ ಮೊದಲು.