ಡಾಕ್ಟರ ದನಿಯ ಗುಳಿಗೆ

ರೇಣವ್ವನ ಗಂಟಲಲ್ಲಿ ಗಂಟು ಒಂದೇ. ಮಗ ಬೀರೇಶನ ಗಂಟಲಲ್ಲಿ ದನಿ ನೂರೆಂಟು. ಖಾನಾಪುರದ ಬಸ್ ನಿಲ್ದಾಣದ ಎದುರು ಅವನ ಔಷಧಿ ಅಂಗಡಿ. ಗುಳಿಗೆ ಕೊಂಡವರು ಚಿಲ್ಲರೆ ಪಡೆದ ಮೇಲೂ ಅಲ್ಲೇ ನಿಲ್ಲುತ್ತಿದ್ದರು, ಇವತ್ತು ಯಾರ ದನಿ ಬರುತ್ತದೋ ಎಂದು. ಕಂಡಕ್ಟರ್ ಬರುತ್ತಿದ್ದ, ಸಾಲೆಯ ಹೆಡ್‌ಮಾಸ್ತರು ಬರುತ್ತಿದ್ದರು, ಎಲ್ಲಕ್ಕಿಂತ ಚೆನ್ನಾಗಿ, ಅವ್ವನ ಬಿಪಿ ನೋಡುವ ಬೆಳಗಾವಿಯ ಡಾಕ್ಟರ್ ವಿನೀತ ಬರುತ್ತಿದ್ದರು. ವಿನೀತರನ್ನು ತರುವುದು ಸುಲಭ: ಮೊದಲು ಒಂದು ಒಣ ಕೆಮ್ಮು, ನಡುವೆ ಮೂಗಿನಿಂದ ಒಂದು 'ಹ್ಞಾಂ', ಕೊನೆಗೆ ಸರಿ ತಾನೇ ಎನ್ನುವ 'ಬರೋಬರ್?'

ರೇಣವ್ವನ ಕುತ್ತಿಗೆಯ ಗಂಟು ವಯಸ್ಸಿನಲ್ಲಿ ಬೀರೇಶನಿಗಿಂತ ಹಿರಿದು. ನಂದಗಡದ ಆಚೆ ಕಾಡಂಚಿನಲ್ಲಿ ಕುರಿ ಕಾಯ್ದುಕೊಂಡಿದ್ದ ಮನೆತನ. ಕುರಿಗಳಿಗೆ ನೆಕ್ಕಿಸಲು ತಂದ ಕಲ್ಲುಪ್ಪಿನ ಚೀಲದಿಂದಲೇ ಒಂದು ಹಿಡಿ ಮನೆಯ ಗಡಿಗೆಗೂ ಬೀಳುತ್ತಿತ್ತು. ಅಯೋಡಿನ್ ಸೇರಿಸಿದ ಪ್ಯಾಕೆಟ್ ಉಪ್ಪು ಮನೆಯೊಳಗೆ ಬಂದದ್ದು ಬೀರೇಶ ಫಾರ್ಮಸಿ ಓದಿ ಬಂದ ಮೇಲೆ. ಅಷ್ಟರಲ್ಲಿ ಗಂಟು ನಿಂಬೆಯಿಂದ ಬದನೆಯಾಗಿತ್ತು. "ಗಂಡ ಹೋಗಿ ಹನ್ನೆರಡು ವರ್ಷ ಆತು, ಈ ಗಳಗಂಡ ಮಾತ್ರ ಬಿಟ್ಟು ಹೋಗವಲ್ದು," ಎಂದು ಅವಳೇ ನಗುತ್ತಿದ್ದಳು. ಮಾತಿನ ಚಾಳಿ ಮಗನಿಗೆ ಬಂದದ್ದು ಅಲ್ಲಿಂದಲೇ.

ಮೂರು ತಿಂಗಳ ಹಿಂದೆ ಔಷಧಿ ಕಂಪನಿಯವನೊಬ್ಬ ಹಸಿರು ಬಾಟಲಿಗಳನ್ನು ಅಂಗಡಿಯಲ್ಲಿಟ್ಟು ಹೋದ. ಸಮುದ್ರದ ಪಾಚಿಯನ್ನು ಒಣಗಿಸಿ ಮಾಡಿದ ಗುಳಿಗೆ, ಕೆಲ್ಪ್ ಎಂದು ಹೆಸರು, ತುಂಬ ಅಯೋಡಿನ್. ಅಯೋಡಿನ್ ಕಡಿಮೆಯಾದರೆ ಗಂಟು ಬರುತ್ತದೆಂದು ಬೀರೇಶ ಏಳನೇ ಇಯತ್ತೆಯಿಂದ ಓದಿದ್ದ. ಕಡಿಮೆಯಾಗಿ ಬಂದದ್ದು ಹೆಚ್ಚು ಕೊಟ್ಟರೆ ಹೋಗಬೇಕಲ್ಲ? ಲೆಕ್ಕ ಅಷ್ಟು ನೇರವಾಗಿ ಕಂಡಿತು.

ಆದರೆ ರೇಣವ್ವ ಮಗ ಕೊಟ್ಟ ಗುಳಿಗೆ ನುಂಗುವವಳಲ್ಲ. "ನೀ ಮಾರಾಂವ, ಬರಿಯಾಂವ ಅಲ್ಲ. ಡಾಕ್ಟರ್ ಹೇಳಲಿ, ತಗೋತೀನಿ," ಎಂದಳು. ಬೀರೇಶ ಅಂಗಡಿಯಿಂದ ಬೇರೆ ನಂಬರಿನಲ್ಲಿ ಫೋನ್ ಮಾಡಿ, ಒಂದು ಒಣ ಕೆಮ್ಮು ಕೆಮ್ಮಿದ.

"ರೇಣವ್ವಾರ, ನಾ ವಿನೀತ ಮಾತಾಡೂದು. ಹ್ಞಾಂ, ಆ ಹಸರ ಗುಳಗಿ ಮುಂಜಾನೆ ಒಂದ, ರಾತ್ರಿ ಒಂದ ತಗೋರಿ. ಬಿಡಬ್ಯಾಡ್ರಿ. ಬರೋಬರ್?"

"ಬರೋಬರ್ರಿ ಸಾಹೇಬ್ರ," ಎಂದಳು ರೇಣವ್ವ, ಸೆರಗು ಸರಿಮಾಡಿಕೊಂಡು. ಸರಿಮಾಡಿಕೊಂಡದ್ದನ್ನು ಸೊಸೆ ಪ್ರಮಿಳಾ ಹೇಳಿದಾಗ ಬೀರೇಶ ಅಂಗಡಿಯಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದ.

ಒಂದು ತಿಂಗಳಾಯಿತು, ಎರಡಾಯಿತು. ಮೊದಲು ನಡುಗಿದ್ದು ಮಜ್ಜಿಗೆಯ ಲೋಟ. ಅವ್ವ ಲೋಟ ಕೊಡುವಾಗ ಅದು ತಟ್ಟೆಯ ಮೇಲೆ ಟಿಕಟಿಕ ಅಂದಿತು. ವಯಸ್ಸು ಎಂದುಕೊಂಡ. ಆಮೇಲೆ ಅವಳು ಎರಡರ ಜಾಗದಲ್ಲಿ ನಾಲ್ಕು ರೊಟ್ಟಿ ತಿನ್ನತೊಡಗಿದಳು, ಬಳೆಗಳು ಮಾತ್ರ ಮೊಣಕೈಯವರೆಗೆ ಜಾರಿದವು. ನೆರೆಯವರು ಶಾಲು ಹೊದ್ದ ಮುಂಜಾವಿನಲ್ಲೂ ಅವಳ ಬೆನ್ನು ಬೆವರುತ್ತಿತ್ತು. ಒಂದು ಕೆಲಸ ಹಿಡಿದು ಇನ್ನೊಂದಕ್ಕೆ ಓಡುವಳು.

"ಎದಿಯಾಗ ಯಾರೋ ಕುದರಿ ಬಿಟ್ಟಂಗ ಆಗತೈತೋ," ಎಂದಳು ಒಂದು ದಿನ.

ಬೀರೇಶ ನಾಡಿ ಹಿಡಿದ. ನೂರಾ ಹದಿನೆಂಟು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಾರಲಿಡುವಾಗ ಓದದ ಸಣ್ಣಕ್ಷರ ಓದಿದ. ಒಂದು ಗುಳಿಗೆಯಲ್ಲಿ ಏಳುನೂರು ಮೈಕ್ರೋಗ್ರಾಂ ಅಯೋಡಿನ್. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ನೂರೈವತ್ತು. ಅವ್ವ ಎರಡು ನುಂಗುತ್ತಿದ್ದಳು, ಮೇಲೆ ಉಪ್ಪಿನಲ್ಲಿದ್ದದ್ದು ಬೇರೆ.

"ಅವ್ವಾ, ಈ ಗುಳಗಿ ಬಿಡು."

"ನೀ ಯಾರೋ ಬಿಡಸಾಕ? ಡಾಕ್ಟರ್ ಬಿಡಬ್ಯಾಡ್ರಿ ಅಂದಾರ."

ಮತ್ತೊಮ್ಮೆ ಕೆಮ್ಮಿ, ಡಾಕ್ಟರ ದನಿಯಲ್ಲೇ ನಿಲ್ಲಿಸೆಂದರೆ ಮುಗಿಯಿತು ಎಂದುಕೊಂಡು ಫೋನ್ ಕೈಗೆತ್ತಿಕೊಂಡ. ದನಿ ಬರಲಿಲ್ಲ. ಗಂಟಲು ಒಣಗಿ ಕೆಮ್ಮು ಮಾತ್ರ ನಿಜವಾಗಿಯೇ ಬಂತು. ನಾಳೆ ಖರೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ.

ನಾಳೆಯವರೆಗೆ ರೇಣವ್ವ ಕಾಯಲಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಕುಳಿತವಳಿಗೆ ಉಸಿರು ಸಿಗದಾಯಿತು. ಬಾಡಿಗೆ ಕಾರಿನಲ್ಲಿ ಮಲಗಿಸಿದರೆ ಗಂಟು ಉಸಿರನ್ನು ಅದುಮುತ್ತಿತ್ತು. ಬೆಳಗಾವಿಯವರೆಗೆ ಮಗನ ಭುಜಕ್ಕೆ ಒರಗಿ ಕುಳಿತೇ ಬಂದಳು. ಅವಳ ಎದೆಬಡಿತ ಅಂಗಿಯ ಮೂಲಕ ಅವನ ಪಕ್ಕೆಗೆ ಬಡಿಯುತ್ತಿತ್ತು.

ತುರ್ತು ವಿಭಾಗದಲ್ಲಿದ್ದವರು ರಾಧಿಕಾ ಎಂಬ ಎಳೆಯ ಡಾಕ್ಟರ್. ನಾಡಿ ನೂರಾ ಮೂವತ್ತೆರಡು. ಕುತ್ತಿಗೆ ಮುಟ್ಟಿ ಹುಬ್ಬು ಗಂಟಿಕ್ಕಿದರು.

"ಅಜ್ಜಿ, ಏನೇನ ಗುಳಗಿ ತಗೋತೀರಿ?"

"ಡಾಕ್ಟರ್ ವಿನೀತ ಹೇಳಿದ್ದಷ್ಟರೀ ತಂಗಿ. ಬ್ಯಾರೆ ಏನೂ ಮುಟ್ಟೂದಿಲ್ಲ."

ರಾಧಿಕಾ ಹಳೆಯ ಫೈಲು ತಿರುವಿದರು. ವಿನೀತರು ಬರೆದದ್ದು ಬಿಪಿ ಗುಳಿಗೆ ಒಂದೇ. ಅದನ್ನೇ ಬರೆದುಕೊಂಡರು. ಬೀರೇಶ ಬಾಯಿ ತೆರೆದ. ಅವ್ವ ಅವನ ಕೈ ಹಿಡಿದಿದ್ದಳು, ನಂಬಿಕೆಯಿಂದ. ಬಾಯಿ ಮುಚ್ಚಿದ. ಈ ಸುಳ್ಳು ತಾಯಿಗೆ ಗೊತ್ತಾದರೆ ಮುಂದೆ ಅವಳು ಯಾರ ಮಾತಿಗೂ ಔಷಧ ಮುಟ್ಟುವುದಿಲ್ಲ. ಊರಿಗೆ ಗೊತ್ತಾದರೆ ಅಂಗಡಿಗೆ ಬೀಗ. ಹೀಗೆ ಎರಡು ಹೆದರಿಕೆಗಳ ನಡುವೆ ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಸದ್ದಿಲ್ಲದೆ ಹತ್ತಿರ ಬರುತ್ತಿತ್ತು.

"ಗಡ್ಡಿ ಎದಿ ಎಲುಬಿನ ಹಿಂದ ಇಳದು ಶ್ವಾಸನಾಳ ಒತ್ತಾಕತ್ತೈತೇನು ನೋಡಬೇಕು. ಸಿಟಿ ಸ್ಕ್ಯಾನ್ ಮಾಡೂಣು, ಬಣ್ಣದ ಇಂಜೆಕ್ಷನ್ ಕೊಟ್ಟು," ಎಂದರು ರಾಧಿಕಾ. ಥೈರಾಯ್ಡಿನ ರಕ್ತ ಪರೀಕ್ಷೆಗೂ ಬರೆದರು, ವರದಿ ಸಂಜೆಗೆ.

ನೆಲಮಾಳಿಗೆಯ ಸ್ಕ್ಯಾನ್ ಕೋಣೆ ಮಂಜುಗಡ್ಡೆಯಂತಿತ್ತು. ತಂತ್ರಜ್ಞೆ ಮನಿಷಾ ಒಪ್ಪಿಗೆಯ ಕಾಗದ ಹಿಡಿದು, ದಿನಕ್ಕೆ ಮೂವತ್ತು ಸಲ ಓದಿದ ಬಾಯಿಪಾಠದ ರಾಗದಲ್ಲಿ ಕೇಳತೊಡಗಿದಳು. ಬೇರೆ ದಿನವಾಗಿದ್ದರೆ ಬೀರೇಶ ಆ ರಾಗವನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ.

"ದಮ್ಮು ಐತೇನ್ರಿ? ಮೂತ್ರಪಿಂಡದ ತ್ರಾಸ? ಮೊದಲ ಬಣ್ಣದ ಇಂಜೆಕ್ಷನ್ ತಗೊಂಡು ಮೈಮ್ಯಾಲ ಗುಳ್ಳಿ ಎದ್ದಿದ್ದವೇನು? ಥೈರಾಯ್ಡ್ ಜಾಸ್ತಿ ಆಗಿತ್ತೇನು? ಇಲ್ಲ ಇಲ್ಲ ಅಂತ ಬರ್ಕೊಳ್ಳಲೇನ್ರಿ?"

"ಥೈರಾಯ್ಡ್ ಯಾಕ ಕೇಳ್ತೀರಿ?" ಎಂದ ಬೀರೇಶ. ಕೇಳುತ್ತಿರುವಾಗಲೇ ಉತ್ತರ ಅವನಿಗೆ ನೆನಪಾಗತೊಡಗಿತ್ತು.

"ಈ ಬಣ್ಣದಾಗ ಅಯೋಡಿನ್ ಇರತೈತ್ರಿ. ಉಪ್ಪಿನ್ಯಾಗಿನಂಗ ಮೈಕ್ರೋಗ್ರಾಂ ಅಲ್ಲ, ಗ್ರಾಂ ಲೆಕ್ಕ."

ಅವ್ವನ ತೋಳಿಗೆ ಸೂಜಿ ಚುಚ್ಚಿಯಾಗಿತ್ತು. ಪಿಚಕಾರಿಯಂಥ ಯಂತ್ರದಲ್ಲಿ ನೀರಿನಷ್ಟು ತಿಳಿಯಾದ ದ್ರವ ತುಂಬಿತ್ತು. ಬೀರೇಶ ಯಂತ್ರಕ್ಕೂ ಅವ್ವನಿಗೂ ನಡುವೆ ಕೈ ಅಡ್ಡ ಹಿಡಿದ.

"ತಡೀರಿ. ನಮ್ಮವ್ವಗ ಮೂರ ತಿಂಗಳಿಂದ ಅಯೋಡಿನ್ ಕೊಟ್ಟೇನಿ. ಪಾಚಿ ಗುಳಗಿ. ಡಾಕ್ಟರ್ ಹೇಳಿಲ್ಲ. ನಾ ಕೊಟ್ಟಿದ್ದು."

ಮನಿಷಾ ಕಾಗದದಿಂದ ತಲೆ ಎತ್ತಿದಳು. ಯಂತ್ರದ ಕೊಳವೆಯನ್ನು ಅವ್ವನ ತೋಳಿನಿಂದ ಬಿಡಿಸಿ ಫೋನ್ ಎತ್ತಿದಳು.

ಹತ್ತು ನಿಮಿಷದಲ್ಲಿ ವಿನೀತ ಇಳಿದು ಬಂದರು. ಒಣ ಕೆಮ್ಮು ಮೆಟ್ಟಿಲ ಮೇಲೆಯೇ ಕೇಳಿಸಿತು. ರೇಣವ್ವ ಎದ್ದು ಕುಳಿತು ಕೈ ಮುಗಿದಳು.

"ಸಾಹೇಬ್ರ, ನೀವು ಫೋನಿನ್ಯಾಗ ಹೇಳಿದ ಗುಳಗಿ ಒಂದ ದಿನಾನೂ ತಪ್ಪಿಸಿಲ್ಲರಿ."

"ನಾ ಯಾವಾಗ ಫೋನ್ ಮಾಡಿದ್ನಿ?"

ಬೀರೇಶ ಹೇಳಿದ. ಅವನ ಸ್ವಂತ ದನಿ ಇಷ್ಟು ಸಣ್ಣದೆಂದು ಅವನಿಗೇ ಗೊತ್ತಿರಲಿಲ್ಲ. ತಾಯಿ ಅವನ ಮುಖ ನೋಡಲಿಲ್ಲ. ಮುಗಿದಿದ್ದ ಕೈಗಳನ್ನು ನಿಧಾನ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು.

ವಿನೀತ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಸದ ಕುರಿ ಹಸಿ ಜ್ವಾಳದ ಹೊಲಕ್ಕ ಬಿಟ್ರ ಏನಾಗತೈತ್ರಿ?"

"ಹೊಟ್ಟಿ ಉಬ್ಬಿ ಬೀಳ್ತಾವ್ರಿ," ಎಂದ ಬೀರೇಶ.

"ಈ ಗಡ್ಡಿ ಅಂಥಾ ಕುರಿ. ಅರವತ್ತು ವರ್ಷ ಅಯೋಡಿನ್ನಿಗೆ ಹಸದೈತಿ. ಮೆದುಳಿನ ಅಪ್ಪಣಿ ಕೇಳೂದು ಬಿಟ್ಟ ಗಂಟು ಅದರಾಗ ಬೆಳದಿರತಾವ. ನೀವು ಒಮ್ಮಿಗೇ ಹೊಲಾನ ತಗದು ಕೊಟ್ರಿ. ಸಿಕ್ಕಷ್ಟೂ ತಿಂದು ಹಾರ್ಮೋನ್ ಸುರಸಾಕತ್ತೈತಿ. ಅದರ ಮ್ಯಾಲ ಈ ಬಣ್ಣ ಹೋಗಿದ್ರ ಜ್ವರ, ಭ್ರಮೆ, ಹೃದಯ ಕೈಕೊಡೂದು, ಏನ ಬೇಕಾದ್ರೂ ಆಗಬಹುದಿತ್ತು." ಆಮೇಲೆ ಕೇಳಿದರು: "ಮತ್ತ ಯಾರಿಗೆ ಕೊಟ್ಟೀರಿ?"

ಇನ್ನೂ ಯಾರಿಗೂ ಮಾರಿಲ್ಲ, ಆದರೆ ಬಸಿರಿ ಗಿರಾಕಿ ಲಕ್ಷ್ಮೀ ನಿನ್ನೆ ಬಂದು ಆ ಬಾಟಲಿ ಕೇಳಿದ್ದಳು ಎಂದ ಬೀರೇಶ. ಚಿಲ್ಲರೆ ಇಲ್ಲವೆಂದು ಇವತ್ತು ಬಾ ಅಂದಿದ್ದ. ಅಂಗಡಿಯಲ್ಲಿ ಈಗ ಪ್ರಮಿಳಾ ಕುಳಿತಿದ್ದಾಳೆ. ಬೀರೇಶ ಹೆಂಡತಿಗೆ ಫೋನ್ ಹಚ್ಚಿದ. ಮಾರಿಲ್ಲವೆಂದು ಕೇಳಿದ ಮೇಲೆ ಬಾಟಲಿಗಳನ್ನೆಲ್ಲ ಒಳಗಿಡಲು ಹೇಳಿದ.

"ಬಸಿರಿಗೆ, ಬಾಣಂತಿಗೆ ಅಯೋಡಿನ್ ಹೆಚ್ಚಿಗಿ ಬೇಕು ಖರೇ," ಎಂದರು ವಿನೀತ. "ಪ್ಯಾಕೆಟ್ ಉಪ್ಪು ಮುಟ್ಟದವರಿಗೂ ಒಮ್ಮೊಮ್ಮೆ ಬೇಕಾಗತೈತಿ. ಆದ್ರ ಕೇಳಿ, ಅಳತಿ ಮಾಡಿ. ಪಾಚ್ಯಾಗ ಒಂದ ಬಾಟ್ಲಿಗೊಂದು ಅಳತಿ. ಅತಿಯಾದ್ರ ಹೊಟ್ಟ್ಯಾಗಿನ ಕೂಸಿನ ಥೈರಾಯ್ಡ ಮಂಕಾಗಬಹುದು. ಬರೋಬರ್?"

ಯಾರೂ ನಗಲಿಲ್ಲ.

ಬಣ್ಣವಿಲ್ಲದೆ ಸ್ಕ್ಯಾನ್ ಆಯಿತು. ಶ್ವಾಸನಾಳ ಕೊಂಚ ವಾಲಿತ್ತು, ಮುಚ್ಚಿರಲಿಲ್ಲ. ಸಂಜೆಯ ವರದಿಯಲ್ಲಿ ಹಾರ್ಮೋನು ಮೇಲೆ, ಅದನ್ನು ಅಂಕೆಯಲ್ಲಿಡುವ ಟಿಎಸ್ಎಚ್ ತಳ ಕಂಡಿತ್ತು. ಎದೆಬಡಿತ ಇಳಿಸುವ ಗುಳಿಗೆ ಶುರುವಾಯಿತು. ಪಾಚಿ ನಿಂತರೂ ಮೈಯಲ್ಲಿ ಕೂತ ಅಯೋಡಿನ್ ಇಳಿಯಲು ವಾರಗಳು, ತಿಂಗಳುಗಳೂ ಬೇಕು ಎಂದರು. ನಾಲ್ಕು ದಿನಕ್ಕೆ ಮನೆಗೆ ಬಿಟ್ಟರು.

ಎರಡು ವಾರ ರೇಣವ್ವ ಮಗನೊಡನೆ ಮಾತಾಡಲಿಲ್ಲ. ಗುಳಿಗೆಯನ್ನು ಸೊಸೆಯ ಕೈಯಿಂದ, ವಿನೀತರ ಸಹಿ ನೋಡಿ ನುಂಗುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿಗಳು "ಇವತ್ತ ಯಾರ ದನಿಯೋ?" ಎಂದರೆ ಬೀರೇಶ ಔಷಧಿ ಚೀಟಿಯತ್ತಲೇ ನೋಡುತ್ತಿದ್ದ.

ಮೂರನೇ ವಾರ, ಎಲ್ಲರೂ ಉಣ್ಣಲು ಕುಳಿತಾಗ ರೇಣವ್ವನ ಫೋನ್ ರಿಂಗಾಯಿತು. ಒಣ ಕೆಮ್ಮು ಕೇಳಿಸಿತು.

"ರೇಣವ್ವಾರ, ನಾ ವಿನೀತ. ಮೊನ್ನಿ ಕೊಟ್ಟ ರಕ್ತದ ವರದಿ ಬಂದದ. ಹಾರ್ಮೋನ್ ಇನ್ನೂ ಇಳದಿಲ್ಲ, ಇನ್ನೊಂದು ಗುಳಗಿ ಸುರು ಮಾಡಬೇಕು. ಹ್ಞಾಂ..."

ರೇಣವ್ವ ಎದುರಿಗೆ ಕುಳಿತ ಮಗನ ಬಾಯಿ ನೋಡಿದಳು. ಬಾಯಿಯ ತುಂಬ ರೊಟ್ಟಿ ಇತ್ತು.

"ಸಾಕ ಬಿಡೋ ಬೀರ್ಯಾ," ಎಂದು ಫೋನ್ ಕೆಳಗಿಟ್ಟಳು.

"ಅವ್ವಾ, ಅವ್ರು ಖರೇನ ಡಾಕ್ಟರ್."

"ಆ ದಿನಾನೂ ಖರೇ ಇದ್ರು."

ಬೀರೇಶ ತಟ್ಟೆ ಸರಿಸಿದ. ಹೊಸ ಗುಳಿಗೆ ಬೇಕೇ ಬೇಕು, ಅವಳು ನಂಬುವುದಿಲ್ಲ. ನಂಬಿಸುವ ದನಿ ಅವನ ನೂರೆಂಟರಲ್ಲಿ ಒಂದೂ ಉಳಿದಿರಲಿಲ್ಲ. ಕೈ ತೊಳೆದು ಬಂದು ಅವಳ ಎದುರು ನೆಲದ ಮೇಲೆ ಕುಳಿತ. ರೇಣವ್ವ ತಾನಾಗಿಯೇ ಮುಂಗೈ ಚಾಚಿದಳು. ಅವನು ಗೋಡೆಯ ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ಎಣಿಸಿದ. ಕುದುರೆ ಇನ್ನೂ ಲಾಯಕ್ಕೆ ಮರಳಿರಲಿಲ್ಲ.

"ಎಷ್ಟೈತಿ?"

ತೊಂಬತ್ತು ಎಂದರೆ ಅವಳು ನಿದ್ದೆ ಮಾಡುತ್ತಾಳೆ. ಬೀರೇಶ ಅವಳ ನಡುಗುವ ಬೆರಳು ನೋಡಿದ.

"ನೂರಾ ಆರು. ಇನ್ನೂ ಜಾಸ್ತಿ ಐತವ್ವಾ. ನನಗ ಅಂಜಿಕಿ ಆಗೈತಿ."

ರೇಣವ್ವ ಅವನ ತುಟಿಗಳನ್ನೇ ನೋಡುತ್ತ ಕೇಳಿಸಿಕೊಂಡಳು.

"ಮುಂಜಾನಿ ಮೊದಲನೇ ಬಸ್ಸಿಗೆ ಬೆಳಗಾವಿಗೆ ಹೋಗೂಣು," ಎಂದಳು. "ಅವ್ರು ನನ್ನ ಮುಂದ ಕುಂತು ಹೇಳಲಿ. ನೀ ಬಾಜೂಕ ಬಾಯಿ ಮುಚಗೊಂಡು ಕುಂದ್ರು."